12 ಶಾಲೆಗೆ ಒಪ್ಪಿ 11 ಮುಗಿಸಿದಾಗ ಮುಕ್ತಾಯ ವರದಿಯಲ್ಲಿ ಲೆಕ್ಕ ಕೊಡುವುದು ಹೇಗೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಸಣ್ಣ ಟ್ರಸ್ಟ್. ಕಂಪನಿಯೊಂದರ ಸಿಎಸ್‌ಆರ್ ಹಣ 25 ಲಕ್ಷದಲ್ಲಿ 12 ಸರ್ಕಾರಿ ಶಾಲೆಗಳಿಗೆ ಮಳೆನೀರು ಕೊಯ್ಲು ಮತ್ತು ಇಂಗುಬಾವಿ ಮಾಡಿಸಿಕೊಡುತ್ತೇವೆ ಎಂದು ಒಪ್ಪಿದ್ದೆವು. 11 ಶಾಲೆ ಮುಗಿದಿದೆ, ಬಾವಿ 10 ಆಗಿವೆ. ನಮ್ಮ ಲೆಕ್ಕದ ಪ್ರಕಾರ 1,30,000 ರೂಪಾಯಿ ಉಳಿತಾಯ. ಆದರೆ ಬ್ಯಾಂಕಿನಲ್ಲಿ 2,46,300 ಇದೆ, ತಾಳೆ ಆಗುತ್ತಿಲ್ಲ. ಮೂಲ ಯೋಜನೆ, ಬಜೆಟ್ ಜೊತೆ ಹೋಲಿಸಿ ಮುಕ್ತಾಯ ವರದಿ ಕೊಡಿ ಅಂತ ಕಂಪನಿಯವರು ಕೇಳಿದ್ದಾರೆ. ಈ ಉಳಿತಾಯವನ್ನು ಹೇಗೆ ತೋರಿಸಬೇಕು ಸರ್? ಬಜೆಟ್ ಮತ್ತು ಖರ್ಚಿನ ಶೀಟ್ ಕಳಿಸಿದ್ದೇನೆ.

ಉತ್ತರ: ನಿಮ್ಮ ಶೀಟನ್ನು ಬಿಡಿಸಿ ನೋಡಿದರೆ ಈ ಯೋಜನೆಯಲ್ಲಿ ಉಳಿತಾಯ ಆಗಿಲ್ಲ. ಮಾಡಿದ ಕೆಲಸಕ್ಕೆ ಬಜೆಟ್‌ಗಿಂತ 1,05,000 ರೂಪಾಯಿ ಹೆಚ್ಚಾಗಿಯೇ ಖರ್ಚಾಗಿದೆ. ಕೈಯಲ್ಲಿ 1,30,000 ಉಳಿದಿರುವುದು ಒಂದಷ್ಟು ಕೆಲಸ ಆಗದೇ ಇದ್ದುದರಿಂದ. ಇದನ್ನು ನೀವೇ ಮೊದಲ ಪುಟದಲ್ಲಿ ಹೇಳಿದರೆ ವರದಿ ಗಟ್ಟಿಯಾಗುತ್ತದೆ. ಮುಚ್ಚಿಟ್ಟರೆ ಕಂಪನಿಯ ಲೆಕ್ಕದವರು ಕ್ಯಾಲ್ಕುಲೇಟರ್ ಹಿಡಿದ ಐದೇ ನಿಮಿಷದಲ್ಲಿ ಹೊರಬರುತ್ತದೆ, ಆಮೇಲೆ ನಿಮ್ಮ ಉಳಿದ ಅಂಕಿಗಳನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ಶುರು ಮಾಡುವ ಮುನ್ನ ಯಾವ ಬಜೆಟ್ ಜೊತೆ ಹೋಲಿಸುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ. ಹೋಲಿಕೆಗೆ ಆಧಾರ ಎರಡೂ ಕಡೆಯವರು ಸಹಿ ಹಾಕಿದ ಒಪ್ಪಂದದ ಅನುಬಂಧದಲ್ಲಿರುವ ಬಜೆಟ್ ಮಾತ್ರ. ನಡುವೆ ಕಚೇರಿಯಲ್ಲಿ ತಿದ್ದಿಕೊಂಡ ಎಕ್ಸೆಲ್ ಶೀಟ್ ನಿಮ್ಮ ಅನುಕೂಲಕ್ಕೆ ಇಟ್ಟುಕೊಂಡದ್ದು, ಅದಕ್ಕೆ ಇಲ್ಲಿ ಬೆಲೆ ಇಲ್ಲ. ಕಂಪನಿಯವರು ಲಿಖಿತವಾಗಿ ಒಪ್ಪಿದ ಬದಲಾವಣೆ ಇದ್ದರೆ ಅದಕ್ಕೊಂದು ಪ್ರತ್ಯೇಕ ಕಾಲಂ ಕೊಟ್ಟು, ಒಪ್ಪಿಗೆ ಬಂದ ಇಮೇಲ್‌ನ ತಾರೀಖು ಹಾಕಿ. ಮೂಲ ಕಾಲಂ ಮಾತ್ರ ಹಾಗೇ ಇರಬೇಕು. ತಿದ್ದಿದ ಬಜೆಟ್ ಜೊತೆ ಹೋಲಿಸಿ ಎಲ್ಲವೂ ಸರಿಹೊಂದಿದೆ ಎಂದು ಬರೆದ ವರದಿಗಳು ಸಾಮಾನ್ಯವಾಗಿ ಇಲ್ಲೇ ವಾಪಸ್ ಬರುತ್ತವೆ.

ನಡುವೆ ಬೇಕಾದ ಒಂದು ಕಾಲಂ

ನಿಮ್ಮ ಶೀಟ್‌ನಲ್ಲಿ ಬಜೆಟ್, ಖರ್ಚು, ವ್ಯತ್ಯಾಸ ಎಂದು ಮೂರು ಕಾಲಂ ಇವೆ. ಬಜೆಟ್ 12 ಶಾಲೆಯದು, ಖರ್ಚು 11 ಶಾಲೆಯದು. ಎರಡನ್ನೂ ನೇರವಾಗಿ ಕಳೆದರೆ ಬರುವ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ನಡುವೆ ‘ಆದ ಕೆಲಸಕ್ಕೆ ತಕ್ಕ ಬಜೆಟ್’ ಎಂಬ ಇನ್ನೊಂದು ಕಾಲಂ ಬೇಕು. ಒಪ್ಪಂದದಲ್ಲಿದ್ದ ದರವನ್ನು ನಿಜವಾಗಿ ಆದ ಸಂಖ್ಯೆಯಿಂದ ಗುಣಿಸಿದರೆ ಅದು ಸಿಗುತ್ತದೆ. ಒಂದು ಶಾಲೆಯ ಮಳೆನೀರು ವ್ಯವಸ್ಥೆಗೆ ಒಪ್ಪಂದದ ದರ 1,10,000, ಬಾವಿಗೆ 60,000, ತರಬೇತಿಗೆ 5,000. ಸಂಯೋಜಕರ ಸಂಬಳ ಮತ್ತು ಆಡಳಿತ ವೆಚ್ಚ ಶಾಲೆಯ ಸಂಖ್ಯೆಗೆ ಕಟ್ಟಿದ್ದಲ್ಲ, ಆದ್ದರಿಂದ ಆ ಎರಡು ಬಾಬ್ತು ಬದಲಾಗುವುದಿಲ್ಲ. ನಿಮ್ಮ ಅಂಕಿಗಳನ್ನು ಹೀಗೆ ಜೋಡಿಸಿದ್ದೇನೆ:

| ಬಾಬ್ತು | ಮೂಲ ಬಜೆಟ್ | ಆದ ಕೆಲಸಕ್ಕೆ ತಕ್ಕ ಬಜೆಟ್ | ಆದ ಖರ್ಚು | ಹೆಚ್ಚು / ಕಡಿಮೆ |
|---|---|---|---|---|
| ಮಳೆನೀರು ವ್ಯವಸ್ಥೆ (12ಕ್ಕೆ 11) | 13,20,000 | 12,10,000 | 12,98,000 | 88,000 ಹೆಚ್ಚು |
| ಇಂಗುಬಾವಿ (12ಕ್ಕೆ 10) | 7,20,000 | 6,00,000 | 5,76,000 | 24,000 ಕಡಿಮೆ |
| ತರಬೇತಿ (12ಕ್ಕೆ 11) | 60,000 | 55,000 | 55,000 | ಇಲ್ಲ |
| ಸಂಯೋಜಕರ ಸಂಬಳ | 2,50,000 | 2,50,000 | 3,00,000 | 50,000 ಹೆಚ್ಚು |
| ಓಡಾಟ, ಆಡಳಿತ | 1,50,000 | 1,50,000 | 1,41,000 | 9,000 ಕಡಿಮೆ |
| ಒಟ್ಟು | 25,00,000 | 22,65,000 | 23,70,000 | 1,05,000 ಹೆಚ್ಚು |

ಮೂಲ ಬಜೆಟ್‌ನಲ್ಲಿ 2,35,000 ರೂಪಾಯಿಯ ಕೆಲಸ ಆಗಿಲ್ಲ. ಆದ ಕೆಲಸಕ್ಕೆ 1,05,000 ಹೆಚ್ಚು ಬಿದ್ದಿದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ನಿಮ್ಮ 1,30,000 ಬರುತ್ತದೆ. ವರದಿಯ ಮೊದಲ ಪುಟಕ್ಕೆ ಈ ಕೋಷ್ಟಕ ಮತ್ತು ಈ ಮೂರು ವಾಕ್ಯ ಸಾಕು. ಮುಂದಿನ ಪುಟಗಳಲ್ಲಿ ಬರೆಯಬೇಕಾದದ್ದು ಕೊನೆಯ ಕಾಲಂನ ಒಂದೊಂದು ಅಂಕಿಗೂ ಕಾರಣ.

ಮೊದಲ ಸಾಲನ್ನೇ ನೋಡಿ. ಹಳೆಯ ಶೀಟ್‌ನಲ್ಲಿ ಈ ಬಾಬ್ತಿನಲ್ಲಿ 22,000 ಉಳಿದಿದೆ ಎಂದು ಕಾಣುತ್ತಿತ್ತು. ಬಜೆಟ್‌ನ ಶೇ. 98 ಖರ್ಚಾಗಿ ಶೇ. 92ರಷ್ಟೇ ಕೆಲಸ ಆಗಿದ್ದರೆ ಅದನ್ನು ಉಳಿತಾಯ ಎನ್ನಲು ಬರುವುದಿಲ್ಲ. ಪ್ರತಿ ಶಾಲೆಗೆ 1,18,000 ಬಿದ್ದಿದೆ, ಅಂದರೆ ದರಕ್ಕಿಂತ 8,000 ಜಾಸ್ತಿ. 12ನೇ ಶಾಲೆಯೂ ಆಗಿದ್ದರೆ ಈ ಒಂದು ಬಾಬ್ತಿನಲ್ಲೇ ಸುಮಾರು 96,000 ಕೊರತೆ ಬೀಳುತ್ತಿತ್ತು. ಕಂಪನಿಯವರು ಮುಂದಿನ ವರ್ಷ ಇದೇ ಕೆಲಸಕ್ಕೆ ಹಣ ಕೊಡುವುದಾದರೆ ಅವರಿಗೆ ಮುಖ್ಯವಾಗಿ ಬೇಕಾದ ಅಂಕಿ ಈ 1,18,000.

ಕಾರಣ ಬರೆಯುವ ರೀತಿ

ಹೆಚ್ಚಿನ ವರದಿಗಳಲ್ಲಿ ಈ ಜಾಗದಲ್ಲಿ ಬರುವ ವಾಕ್ಯ ‘ಸಾಮಗ್ರಿಗಳ ಬೆಲೆ ಏರಿಕೆಯಿಂದ ವೆಚ್ಚ ಹೆಚ್ಚಾಗಿದೆ’. ಇದನ್ನು ಬರೆಯುವ ಮುನ್ನ ಬಿಲ್‌ಗಳನ್ನು ತೆಗೆದು ದರ ಏರಿತೋ, ಪ್ರಮಾಣ ಏರಿತೋ ಎಂದು ನೋಡಬೇಕು. ನಿಮ್ಮ ಗುತ್ತಿಗೆದಾರರ ಬಿಲ್ ಸಾರಾಂಶದಲ್ಲಿ ಪೈಪಿನ ದರ ಕೊಟೇಶನ್‌ನಲ್ಲಿದ್ದಷ್ಟೇ ಇದೆ, ಮೀಟರಿಗೆ ಜೋಡಣೆ ಸೇರಿ 400. ಬದಲಾಗಿರುವುದು ಉದ್ದ. ಬಜೆಟ್ ಮಾಡುವಾಗ ಪ್ರತಿ ಶಾಲೆಗೆ 40 ಮೀಟರ್ ಹಿಡಿದಿದ್ದೀರಿ. ನಿಜವಾಗಿ ಹಾಕಿದ್ದು 11 ಶಾಲೆಗೆ 605 ಮೀಟರ್, ಅಂದರೆ ಸರಾಸರಿ 55. ಹೆಚ್ಚಿಗೆ ಹೋದ 165 ಮೀಟರಿಗೆ 66,000. ಉಳಿದ 22,000 ಟ್ಯಾಂಕ್ ಕಟ್ಟೆಗೆ, ಶಾಲೆಗೆ 2,000ದಂತೆ. ಇದು ಬಜೆಟ್‌ನಲ್ಲಿ ಇರಲೇ ಇಲ್ಲ. 5,000 ಲೀಟರ್ ಟ್ಯಾಂಕ್ ತುಂಬಿದಾಗ ನೀರಿನ ಭಾರವೇ 5 ಟನ್. ಸಮತಟ್ಟಾದ ಗಟ್ಟಿ ಕಟ್ಟೆ ಇಲ್ಲದೆ ಮಣ್ಣಿನ ಮೇಲೆ ಕೂರಿಸಿದರೆ ತಳದ ಒಂದು ಕಡೆ ಕುಸಿದು ಟ್ಯಾಂಕ್ ಸೀಳುತ್ತದೆ. ಖರ್ಚು ನ್ಯಾಯವಾದದ್ದೇ, ಬಜೆಟ್‌ನಲ್ಲಿ ಬಿಟ್ಟುಹೋಗಿತ್ತು ಅಷ್ಟೇ. ಹಾಗಾಗಿ ಈ ಬಾಬ್ತಿನ ಟಿಪ್ಪಣಿಯನ್ನು ಹೀಗೆ ಬರೆಯಬಹುದು:

‘ಪ್ರತಿ ಶಾಲೆಗೆ ಸರಾಸರಿ 8,000 ರೂಪಾಯಿ ಹೆಚ್ಚು, ಒಟ್ಟು 88,000. ಇದರಲ್ಲಿ 66,000 ಹೆಚ್ಚುವರಿ ಪೈಪಿಗೆ (ಅಂದಾಜು 440 ಮೀಟರ್, ಹಾಕಿದ್ದು 605 ಮೀಟರ್). ಬಜೆಟ್ ತಯಾರಿಸುವಾಗ ಶಾಲೆಗಳ ಸ್ಥಳ ಅಳತೆ ಆಗಿರಲಿಲ್ಲ. 22,000 ಟ್ಯಾಂಕ್ ಕಟ್ಟೆಗೆ, ಇದು ಮೂಲ ಬಜೆಟ್‌ನಲ್ಲಿ ಸೇರಿರಲಿಲ್ಲ. ಶಾಲಾವಾರು ಪೈಪಿನ ಅಳತೆ ಅನುಬಂಧದಲ್ಲಿದೆ.’

ಸ್ಥಳ ಅಳತೆ ಆಗಿರಲಿಲ್ಲ ಎಂಬ ಮಾತು ಬರೆಯಲು ಮುಜುಗರ ಆಗಬಹುದು. ಆದರೂ ಬರೆಯಿರಿ. ಓದುವವರಿಗೆ ಉಪಯೋಗಕ್ಕೆ ಬರುವ ಕಾರಣ ಅದು. ಶಾಲಾವಾರು ಪಟ್ಟಿಯನ್ನು ಸರಾಸರಿಯಲ್ಲಿ ಮುಗಿಸಬೇಡಿ. ಒಂದು ಶಾಲೆಯಲ್ಲಿ 38 ಮೀಟರ್, ಇನ್ನೊಂದರಲ್ಲಿ 90 ಮೀಟರ್ ಹೋಗಿದ್ದರೆ, 90 ಹೋದ ಕಡೆ ಟ್ಯಾಂಕನ್ನು ಯಾಕೆ ಅಷ್ಟು ದೂರ ಇಡಬೇಕಾಯಿತು ಎಂದು ಒಂದು ಸಾಲು ಇರಲಿ: ಬಿಸಿಯೂಟದ ಅಡುಗೆಮನೆಯ ಹತ್ತಿರ ಬೇಕೆಂದು ಮುಖ್ಯ ಶಿಕ್ಷಕರು ಕೇಳಿದ್ದೋ, ಬೇರೆ ಕಡೆ ಜಾಗ ಇರಲಿಲ್ಲವೋ.

ಹತ್ತು ಬಾವಿ ಎಂದರೆ ಎಂಥ ಹತ್ತು?

ಬಾವಿಯ ಸಾಲು ಮೇಲ್ನೋಟಕ್ಕೆ ಸುಲಭ, ಆದರೆ ಈ ವರದಿಯಲ್ಲಿ ಎಡವುವ ಜಾಗ ಇದೇ. ಒಪ್ಪಂದದಲ್ಲಿ ಬಾವಿ ಎಂದರೆ 3 ಅಡಿ ಅಗಲ, 20 ಅಡಿ ಆಳ ಎಂದು ಬರೆದಿದೆ. ನಿಮ್ಮ ಹತ್ತರಲ್ಲಿ ಎಂಟು ಹಾಗಿವೆ. ಎರಡರಲ್ಲಿ 13 ಅಡಿಗೆ ಬಂಡೆ ಸಿಕ್ಕಿ ನಿಲ್ಲಿಸಿದ್ದೀರಿ, ಅವಕ್ಕೆ 48,000ದಂತೆ ಕೊಟ್ಟಿದ್ದೀರಿ. ಕೋಷ್ಟಕದ 24,000 ಬಂದಿರುವುದು ಅಲ್ಲಿಂದ. ‘10 ಬಾವಿ ಪೂರ್ಣ’ ಎಂದು ಬರೆದರೆ ಅದು ತಪ್ಪು ಮಾಹಿತಿ. ‘8 ಬಾವಿ ಒಪ್ಪಂದದ ಅಳತೆಗೆ, 2 ಬಾವಿ 13 ಅಡಿಗೆ, 2 ಆಗಿಲ್ಲ’ ಎಂದು ಬರೆಯಿರಿ. ಒಟ್ಟು ಆಳ ನೋಡಿದರೆ 240 ಅಡಿಗೆ 186 ಅಡಿ ಆಗಿದೆ.

ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ನೈಸ್ ಮತ್ತು ಗ್ರಾನೈಟ್ ಶಿಲೆ. ಅದರ ಮೇಲಿನ ಸಡಿಲ ಮಣ್ಣಿನ ಪದರ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಅಕ್ಕಪಕ್ಕದ ಬೀದಿಗಳಲ್ಲೇ ಬೇರೆಬೇರೆ. ಹೀಗಿರುವಾಗ ಹನ್ನೆರಡೂ ಶಾಲೆಗೆ 20 ಅಡಿ ಎಂದು ಬರೆದದ್ದೇ ಅಂದಾಜು. ಬಂಡೆ ಸಿಕ್ಕಿದ್ದು ಯಾರ ತಪ್ಪೂ ಅಲ್ಲ. ಆದರೆ ಓದುವವರಿಗೆ ಮುಖ್ಯವಾದ ಪ್ರಶ್ನೆ ಬೇರೆ ಇದೆ: 13 ಅಡಿಯ ಬಾವಿ ನೀರು ಇಂಗಿಸುತ್ತದೆಯೇ? ಬಂಡೆಯ ಮೇಲೆ ಕೂತ ಬಾವಿಯ ತಳದಿಂದ ನೀರು ಇಳಿಯುವುದು ಕಷ್ಟ, ಪಕ್ಕದ ಮಣ್ಣಿನಿಂದ ಮಾತ್ರ ಹೋಗಬೇಕು. ವರದಿ ಕೊಡುವ ಮುನ್ನ ಈ ಎರಡು ಬಾವಿಗಳನ್ನು ಪರೀಕ್ಷಿಸಿ. ಒಂದು ಟ್ಯಾಂಕರಿನಿಂದ ಗೊತ್ತಿರುವಷ್ಟು ನೀರು ಬಿಟ್ಟು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರಿನ ಮಟ್ಟ ಗಂಟೆಗೆ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. 20 ಅಡಿಯ ಒಂದು ಬಾವಿಯಲ್ಲೂ ಅದನ್ನೇ ಮಾಡಿ. ಎರಡು ದಿನವಾದರೂ ನೀರು ಹಾಗೇ ನಿಂತಿದ್ದರೆ ಆ ಬಾವಿಯನ್ನು ‘ಆಗಿದೆ’ ಪಟ್ಟಿಯಿಂದ ತೆಗೆದು ‘ಆಗಿದೆ, ಕೆಲಸ ಮಾಡುತ್ತಿಲ್ಲ’ ಎಂದು ಬೇರೆ ಸಾಲಿನಲ್ಲಿ ಹಾಕಿ. ನಿಂತ ನೀರಿನಲ್ಲಿ ಸೊಳ್ಳೆ ಆಗುತ್ತದೆ, ಶಾಲೆಯ ಆವರಣ ಅದು. ಹಾಗಾಗಿ ಇದು ಬರೀ ಲೆಕ್ಕದ ಮಾತಲ್ಲ, ಸರಿಪಡಿಸಲೇಬೇಕಾದ ಕೆಲಸ.

ಆಳಕ್ಕೆ ಸಾಕ್ಷಿ ಏನಿದೆ ನೋಡಿಕೊಳ್ಳಿ. ಚಪ್ಪಡಿ ಮುಚ್ಚಿದ ಮೇಲೆ ತೆಗೆದ ಫೋಟೋದಲ್ಲಿ 13 ಅಡಿಯೂ 20 ಅಡಿಯೂ ಒಂದೇ ಥರ ಕಾಣುತ್ತವೆ. ಅಳತೆ ಟೇಪ್ ಇಳಿಬಿಟ್ಟ ಫೋಟೋ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಿಮೆಂಟ್ ರಿಂಗ್‌ಗಳ ಲೆಕ್ಕ ಹಿಡಿಯಿರಿ. ಒಂದಡಿ ಎತ್ತರದ ರಿಂಗ್ ಆದರೆ 20 ಅಡಿಗೆ 20 ರಿಂಗ್. ನಿಮ್ಮ ಎಂಟು ಬಾವಿಗೆ 160, ಎರಡು ಬಾವಿಗೆ 26, ಒಟ್ಟು 186 ರಿಂಗ್ ಬಿಲ್‌ನಲ್ಲಿ ಇರಬೇಕು. 240 ರಿಂಗಿನ ಬಿಲ್ ಇದ್ದು 186 ಅಡಿ ಬಾವಿ ಇದ್ದರೆ ವರದಿ ಕಳಿಸುವ ಮೊದಲೇ ಗುತ್ತಿಗೆದಾರರನ್ನು ಕೂರಿಸಿ ಕೇಳಿ. ಈ ತಾಳೆಯನ್ನು ಲೆಕ್ಕ ಪರಿಶೋಧಕರು ತಪ್ಪದೆ ಮಾಡುತ್ತಾರೆ.

ಬಾವಿ ಆಗದ ಎರಡರಲ್ಲಿ ಒಂದು ಕೈಬಿಟ್ಟ ಶಾಲೆಯದು. ಇನ್ನೊಂದಕ್ಕೆ ನಿಮ್ಮ ಶೀಟ್‌ನಲ್ಲಿ ‘ಜಾಗ ಇಲ್ಲ’ ಎಂದಷ್ಟೇ ಇದೆ. ಅಷ್ಟು ಸಾಲದು. ಒಳಚರಂಡಿ ಪೈಪ್ ಅಥವಾ ಶೌಚದ ಗುಂಡಿ ಹತ್ತಿರ ಇದ್ದದ್ದರಿಂದ ಬಿಟ್ಟಿರಾದರೆ ಅದನ್ನೇ ಬರೆಯಿರಿ. ಕೊಳಚೆ ನೀರಿನ ಪಕ್ಕ ಇಂಗುಬಾವಿ ತೆಗೆಯದಿರುವುದು ಸರಿಯಾದ ನಿರ್ಧಾರವೇ. ಅಲ್ಲಿ ಟ್ಯಾಂಕ್ ತುಂಬಿದ ಮೇಲೆ ಉಕ್ಕುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಸೇರಿಸಿ, ಯಾಕೆಂದರೆ ಬಾವಿ ಇಲ್ಲದ ಶಾಲೆಯಲ್ಲಿ ಅದು ಆಟದ ಮೈದಾನಕ್ಕೇ ಹರಿಯುತ್ತಿರುತ್ತದೆ.

ಕೈಬಿಟ್ಟ ಶಾಲೆ ಮತ್ತು ಹೆಚ್ಚಾದ ಎರಡು ತಿಂಗಳು

12ನೇ ಶಾಲೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರೆಂದು ತಿಳಿದು ಕೈಬಿಟ್ಟಿದ್ದೀರಿ. ಒಳ್ಳೆಯ ಕಾರಣ. ವರದಿಯಲ್ಲಿ ಇದಕ್ಕೆ ಮೂರು ತಾರೀಖು ಬೇಕು: ನಿಮಗೆ ತಿಳಿದದ್ದು ಯಾವಾಗ, ಕಂಪನಿಗೆ ತಿಳಿಸಿದ್ದು ಯಾವಾಗ, ಬದಲಿ ಶಾಲೆ ಸೂಚಿಸಿದ್ದು ಯಾವಾಗ. ಮುಖ್ಯ ಶಿಕ್ಷಕರದ್ದೋ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯದ್ದೋ ಪತ್ರ ಇದ್ದರೆ ಲಗತ್ತಿಸಿ. ಬಾಯಿಮಾತಿನಲ್ಲಿ ಹೇಳಿದ್ದಾದರೆ ಈಗಲೇ ಹೋಗಿ ಪತ್ರ ತೆಗೆದುಕೊಳ್ಳಿ, ಆದರೆ ಪತ್ರದ ಮೇಲೆ ಇವತ್ತಿನ ತಾರೀಖೇ ಇರಲಿ. ಹಿಂದಿನ ತಾರೀಖು ಹಾಕಿಸುವುದು ಬೇಡವೇ ಬೇಡ. ತಡವಾಗಿ ಪಡೆದ ಪತ್ರವನ್ನು ಕಂಪನಿ ಒಪ್ಪುತ್ತದೆ, ಸುಳ್ಳು ತಾರೀಖಿನ ಪತ್ರ ಒಂದು ಸಿಕ್ಕಿದರೆ ಇಡೀ ಫೈಲ್ ಹೋಗುತ್ತದೆ.

ಬದಲಿ ಶಾಲೆಗೆ ಪ್ರಯತ್ನಿಸಿಲ್ಲದಿದ್ದರೆ ಹಾಗೇ ಹೇಳಿ. ಉಳಿದ 1,30,000ದಲ್ಲಿ ಅದು ಆಗುತ್ತಿತ್ತೇ ಎಂದು ಕೇಳುತ್ತಾರೆ, ಉತ್ತರ ಸಿದ್ಧ ಇಟ್ಟುಕೊಳ್ಳಿ. ನಿಜವಾದ ದರದಲ್ಲಿ ವ್ಯವಸ್ಥೆಗೆ 1,18,000, ಬಾವಿಗೆ 60,000, ತರಬೇತಿಗೆ 5,000 ಸೇರಿ 1,83,000 ಬೇಕು. ಅಂದರೆ 53,000 ಕಡಿಮೆ ಬೀಳುತ್ತದೆ. ಬಾವಿ ಬಿಟ್ಟು ಟ್ಯಾಂಕ್, ಪೈಪ್, ತರಬೇತಿ ಮಾತ್ರ ಆದರೆ 1,23,000ಕ್ಕೆ ಮುಗಿಯುತ್ತದೆ. ಇದನ್ನು ಒಂದು ಪ್ರಸ್ತಾವವಾಗಿಯೇ ವರದಿಯಲ್ಲಿ ಇಡಬಹುದು.

ಸಂಯೋಜಕರ ಸಂಬಳ 10 ತಿಂಗಳಿಗೆ ಬದಲು 12 ತಿಂಗಳು ಹೋಗಿ 50,000 ಹೆಚ್ಚಾಗಿದೆ, ಅಂದರೆ ಆ ಬಾಬ್ತಿನ ಶೇ. 20. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಒಂದು ಬಾಬ್ತು ಶೇ. 10ಕ್ಕಿಂತ ಮೀರಿದರೆ ಮುಂಗಡ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತು ಇರುತ್ತದೆ. ನಿಮ್ಮ ಒಪ್ಪಂದದಲ್ಲಿ ಮಿತಿ ಎಷ್ಟೆಂದು ತೆಗೆದು ನೋಡಿ. ಒಪ್ಪಿಗೆ ಪಡೆದಿಲ್ಲದಿದ್ದರೆ ವರದಿಯ ಜೊತೆಗೇ ಪ್ರತ್ಯೇಕ ಪತ್ರದಲ್ಲಿ ಆದ ಮೇಲಿನ ಒಪ್ಪಿಗೆ ಕೇಳಿ, ವರದಿಯಲ್ಲಿ ‘ಒಪ್ಪಿಗೆ ಕೋರಲಾಗಿದೆ’ ಎಂದು ಬರೆಯಿರಿ. ಅವರು ಒಪ್ಪದಿದ್ದರೆ ಆ 50,000ವನ್ನು ಟ್ರಸ್ಟೇ ತುಂಬಿಕೊಡಬೇಕಾಗಬಹುದು, ಟ್ರಸ್ಟಿಗಳಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಆಡಳಿತ ವೆಚ್ಚದಲ್ಲಿ ಉಳಿದ 9,000ವನ್ನು ಇಲ್ಲಿಗೆ ಹೊಂದಿಸಿ 41,000 ಎಂದು ತೋರಿಸುವ ಆಸೆ ಬರುತ್ತದೆ, ಅದನ್ನು ಮಾಡಬೇಡಿ. ಒಂದು ಬಾಬ್ತಿನ ಹಣ ಇನ್ನೊಂದಕ್ಕೆ ಸರಿಸಲೂ ಅದೇ ಒಪ್ಪಿಗೆ ಬೇಕು.

ತಡಕ್ಕೆ ಕಾರಣ ಮಳೆ ಎಂದು ಬರೆದಿದ್ದೀರಿ. ಇದನ್ನು ಪರೀಕ್ಷಿಸುವ ದಾರಿ ಸುಲಭ. ಪ್ರತಿ ಶಾಲೆಗೆ ಕಾರ್ಯಾದೇಶ ಕೊಟ್ಟ ದಿನ, ಕೆಲಸ ಶುರುವಾದ ದಿನ, ಹಸ್ತಾಂತರದ ದಿನ, ಈ ಮೂರನ್ನು ಒಂದು ಸಾಲಿನಲ್ಲಿ ಬರೆಯಿರಿ. ಬಾವಿ ಅಗೆತ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಿಂತು ನಿಂತು ನಡೆದಿದ್ದರೆ ಮಳೆಯ ಕಾರಣ ನಿಲ್ಲುತ್ತದೆ. ಆಗ ಮಣ್ಣು ಕುಸಿಯುವ ಭಯ ಇರುತ್ತದೆ, ಯಾವ ಮೇಸ್ತ್ರಿಯೂ ಆಳದಲ್ಲಿ ಆಳು ಇಳಿಸುವುದಿಲ್ಲ. ಆದರೆ ಕಾರ್ಯಾದೇಶವೇ ಒಂದೂವರೆ ತಿಂಗಳು ತಡವಾಗಿ ಹೋಗಿ, ಏಪ್ರಿಲ್, ಮೇ ಬೇಸಿಗೆ ರಜೆ ಕೈತಪ್ಪಿ, ಆಮೇಲೆ ಭಾನುವಾರ ಮಾತ್ರ ಕೆಲಸ ಮಾಡಬೇಕಾಗಿ ಬಂದಿದ್ದರೆ ಕಾರಣ ಮಳೆಯಲ್ಲ, ಕೊಟೇಶನ್ ಅಂತಿಮ ಮಾಡುವುದರಲ್ಲಿ ಆದ ತಡ. ತಾರೀಖುಗಳ ಪಟ್ಟಿಯನ್ನು ಮೊದಲು ಮಾಡಿ, ಕಾರಣವನ್ನು ಆಮೇಲೆ ಬರೆಯಿರಿ.

ಲೀಟರ್ ಲೆಕ್ಕದಲ್ಲಿ ಎಚ್ಚರ

ಯೋಜನೆಯಲ್ಲಿ ‘ಪ್ರತಿ ಶಾಲೆಗೆ ವರ್ಷಕ್ಕೆ ಒಂದೂವರೆ ಲಕ್ಷ ಲೀಟರ್ ಮಳೆನೀರು’ ಎಂದು ಗುರಿ ಇದೆ. ನೀವು ಕರಡಿನಲ್ಲಿ 11 ಶಾಲೆಗೆ ಗುಣಿಸಿ ‘17 ಲಕ್ಷ ಲೀಟರ್ ಉಳಿತಾಯ’ ಎಂದು ಬರೆದಿದ್ದೀರಿ. ಈ ಅಂಕಿ ಹೇಗೆ ಬಂತೆಂದು ನೋಡಿ. 200 ಚದರ ಮೀಟರ್ ಚಾವಣಿ, ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್, ಆವಿ ಮತ್ತು ಸೋರಿಕೆ ಕಳೆದು 0.8. ಗುಣಿಸಿದರೆ 1,55,200 ಲೀಟರ್. ಇದು ಚಾವಣಿಯಿಂದ ಇಳಿಯಬಹುದಾದ ನೀರು. ಟ್ಯಾಂಕ್ 5,000 ಲೀಟರ್ ಮಾತ್ರ. ಈ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆಗೆ 160 ಲೀಟರ್ ಇಳಿಯುತ್ತದೆ, ಹಾಗಾಗಿ 31 ಮಿಲಿಮೀಟರ್ ಸುರಿದರೆ ಟ್ಯಾಂಕ್ ಭರ್ತಿ. ಮಳೆಗಾಲದ ಒಂದು ಜೋರು ಸಂಜೆ ಸಾಕು. ಮಕ್ಕಳು ಆ ನೀರನ್ನು ಬಳಸಿ ಟ್ಯಾಂಕ್ ಖಾಲಿ ಮಾಡುವ ಮೊದಲೇ ಮತ್ತೆ ಮಳೆ ಬಂದರೆ ಮಿಕ್ಕದ್ದೆಲ್ಲ ಬಾವಿಗೆ ಹೋಗುತ್ತದೆ. ಬಳಕೆಗೆ ಸಿಕ್ಕ ನೀರು, ಇಂಗಿದ ನೀರು, ಸುಮ್ಮನೆ ಹರಿದು ಹೋದ ನೀರು ಮೂರನ್ನೂ ಸೇರಿಸಿ ಉಳಿತಾಯ ಎನ್ನಲು ಬರುವುದಿಲ್ಲ. ಜೊತೆಗೆ ನಿಮ್ಮ ಕೊನೆಯ ನಾಲ್ಕು ಶಾಲೆಗಳ ಹಸ್ತಾಂತರ ಆಗಿದ್ದು ಮಳೆಗಾಲ ಮುಗಿದ ಮೇಲೆ, ಅಲ್ಲಿ ಇನ್ನೂ ಒಂದು ಸರಿಯಾದ ಮಳೆ ಬಿದ್ದಿಲ್ಲ.

ಆದ್ದರಿಂದ ವರದಿಯಲ್ಲಿ ‘ಸ್ಥಾಪಿತ ಸಾಮರ್ಥ್ಯ’ ಎಂದು ಲೆಕ್ಕದ ಅಂಕಿಯನ್ನು, ಸೂತ್ರ ಸಮೇತ, ಒಂದು ಕಡೆ ಕೊಡಿ. ‘ಅಳೆದ ಬಳಕೆ’ ಎಂದು ಇನ್ನೊಂದು ಕಡೆ, ಅಳೆದಿದ್ದರೆ ಮಾತ್ರ. ಟ್ಯಾಂಕರ್ ಬಿಲ್ ಕಡಿಮೆಯಾದ ಶಾಲೆ ಇದ್ದರೆ, ಅದೇ ತಿಂಗಳುಗಳ ಹಿಂದಿನ ವರ್ಷದ ಬಿಲ್ ಜೊತೆ ಹೋಲಿಸಿ ಕೊಡಿ. ಅಂಥ ಒಂದು ಶಾಲೆಯ ನಿಜವಾದ ಲೆಕ್ಕ 17 ಲಕ್ಷದ ಅಂದಾಜಿಗಿಂತ ಹೆಚ್ಚು ತೂಗುತ್ತದೆ.

ಹಸ್ತಾಂತರದ ದಿನ ವ್ಯವಸ್ಥೆ ಕೆಲಸ ಮಾಡುತ್ತಿತ್ತೇ ಎಂಬುದಕ್ಕೂ ಶಾಲಾವಾರು ಪಟ್ಟಿಯಲ್ಲಿ ಒಂದು ಕಾಲಂ ಇಡಿ. ಪರಿಶೀಲನೆಗೆ ಬರುವವರು ಮೊದಲು ನೋಡುವುದು ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಪೈಪಿನ ತುದಿಯ ಮುಚ್ಚಳ. ಅದನ್ನು ಪ್ರತಿ ಮಳೆಯ ನಂತರ ಬಿಚ್ಚಿ ಖಾಲಿ ಮಾಡದಿದ್ದರೆ ಎಲೆ, ಹಕ್ಕಿ ಹಿಕ್ಕೆ, ಮಣ್ಣು ಅಲ್ಲೇ ಕಟ್ಟಿಕೊಂಡು ಮುಂದಿನ ಮಳೆಯ ಕೊಳೆ ನೇರ ಫಿಲ್ಟರಿಗೆ ಹೋಗುತ್ತದೆ. ಮುಚ್ಚಳ ಬಿಚ್ಚಿದಾಗ ಕಪ್ಪು ನೀರು ಸುರಿದರೆ ತರಬೇತಿ ಯಾರ ತಲೆಗೂ ಹೋಗಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಈ ಕೆಲಸ ಶಾಲೆಯಲ್ಲಿ ಯಾರ ಪಾಲಿಗಿದೆ, ಎಸ್‌ಡಿಎಂಸಿಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಹುದ್ದೆಯ ಹೆಸರಿನಲ್ಲಿ ಬರೆಯಿರಿ. ಶಾಲೆಗಳನ್ನು ಹೆಸರಿನ ಜೊತೆ ಯು-ಡೈಸ್ ಸಂಖ್ಯೆಯಿಂದ ಗುರುತಿಸಿ. ಒಂದೇ ಹೆಸರಿನ ಶಾಲೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ.

ಬ್ಯಾಂಕಿನ ಲೆಕ್ಕ ತಾಳೆಯಾಗುವುದು ಹೀಗೆ

ನಿಮ್ಮ 1,30,000 ಮತ್ತು ಬ್ಯಾಂಕಿನ 2,46,300 ಎರಡೂ ಸರಿ. ನಡುವಿನ 1,16,300 ಮೂರು ಕಡೆಯಿಂದ ಬಂದಿದೆ. ಉಳಿತಾಯ ಖಾತೆಯ ಬಡ್ಡಿ 18,400. ಗುತ್ತಿಗೆದಾರರ 18,74,000 ಬಿಲ್‌ನಲ್ಲಿ ಶೇ. 5 ಹಿಡಿದಿಟ್ಟ ರಿಟೆನ್ಷನ್ ಹಣ 93,700. ಕೊನೆಯ ಬಿಲ್‌ನಿಂದ ಹಿಡಿದು ಇನ್ನೂ ಸರ್ಕಾರಕ್ಕೆ ಕಟ್ಟದ ಟಿಡಿಎಸ್ 4,200. ಮೂರನ್ನೂ ಕೂಡಿಸಿ ನೋಡಿ, ಸರಿಯಾಗಿ ಕೂರುತ್ತದೆ.

ರಿಟೆನ್ಷನ್ ಹಣವನ್ನು ಖರ್ಚಿಗೆ ಸೇರಿಸಿದ್ದೀರಿ, ಆದರೆ ಅದು ಇನ್ನೂ ನಿಮ್ಮ ಖಾತೆಯಲ್ಲಿದೆ. ಕೆಲವು ದಾನಿಗಳು ಕೈಬಿಟ್ಟು ಹೋದ ಹಣವನ್ನು ಮಾತ್ರ ಖರ್ಚು ಎಂದು ಒಪ್ಪುತ್ತಾರೆ. ಆದ್ದರಿಂದ ಖರ್ಚು 23,70,000, ಅದರಲ್ಲಿ ಪಾವತಿಯಾದದ್ದು 22,72,100, ಪಾವತಿಯಾಗಬೇಕಾದದ್ದು 97,900 ಎಂದು ಬಿಡಿಸಿ ತೋರಿಸಿ, ಯಾವ ತಾರೀಖಿನ ಲೆಕ್ಕ ಎಂಬುದನ್ನೂ ಹಾಕಿ. ಟಿಡಿಎಸ್ ವಿಷಯದಲ್ಲಿ ಇನ್ನೊಂದು ತಪ್ಪು ಆಗುತ್ತಿರುತ್ತದೆ: 1,00,000ದ ಬಿಲ್‌ಗೆ 1,000 ಹಿಡಿದು 99,000 ಕೊಟ್ಟಾಗ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ 99,000 ಎಂದು ಬರೆದುಬಿಡುತ್ತಾರೆ. ಖರ್ಚು ಪೂರ್ತಿ 1,00,000. ಹಾಗೆಯೇ ಜಿಎಸ್‌ಟಿ ನೋಂದಣಿ ಇಲ್ಲದ ಟ್ರಸ್ಟಿಗೆ ಬಿಲ್‌ನ ಜಿಎಸ್‌ಟಿ ವಾಪಸ್ ಬರುವುದಿಲ್ಲ, ಅದೂ ಖರ್ಚಿನಲ್ಲೇ ಸೇರಬೇಕು.

ಬಡ್ಡಿಯನ್ನು ಟ್ರಸ್ಟಿನ ಸಾಮಾನ್ಯ ಆದಾಯಕ್ಕೆ ಹಾಕಿಕೊಳ್ಳಬೇಡಿ. ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ ಅದನ್ನು ಯೋಜನೆಯ ಹಣವೆಂದೇ ತೋರಿಸಿ. ಆಗ ಕಂಪನಿಗೆ ಉತ್ತರ ಹೇಳಬೇಕಾದ ಉಳಿಕೆ 1,48,400.

ಈ 1,48,400 ಏನು ಮಾಡಬೇಕು ಎಂಬುದನ್ನು ನೀವೇ ತೀರ್ಮಾನಿಸುವಂತಿಲ್ಲ. 2021ರ ಜನವರಿಯಲ್ಲಿ ಸಿಎಸ್‌ಆರ್ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಕೊಟ್ಟ ಹಣ ಒಪ್ಪಿದ ಕೆಲಸಕ್ಕೇ ಹೋಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ನಿಮ್ಮ ಕೈಯಲ್ಲಿ ಉಳಿದ ಹಣ ಅವರ ಲೆಕ್ಕದಲ್ಲೂ ಖರ್ಚಾಗದ ಹಣವೇ. ಒಂದಕ್ಕಿಂತ ಹೆಚ್ಚು ವರ್ಷ ನಡೆಯುವ ಯೋಜನೆ ಎಂದು ಅವರ ಮಂಡಳಿ ಒಪ್ಪಿದ್ದರೆ ಅದನ್ನು ಹಣಕಾಸು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, ಇಲ್ಲದಿದ್ದರೆ ಆರು ತಿಂಗಳೊಳಗೆ ಕಾನೂನು ಹೇಳಿದ ನಿಧಿಗೆ ಕಟ್ಟಬೇಕು. ಮಾರ್ಚ್ ಬಂತೆಂದರೆ ಅವರು ನಿಮ್ಮ ಹಿಂದೆ ಬೀಳುವುದು ಇದಕ್ಕಾಗಿಯೇ. ವರದಿಯಲ್ಲಿ ಎರಡು ದಾರಿ ಬರೆದು ಅವರ ಲಿಖಿತ ಉತ್ತರ ಕೇಳಿ: ಹಣ ವಾಪಸ್ ಕೊಡುವುದು, ಇಲ್ಲವೇ ಅವಧಿ ವಿಸ್ತರಿಸಿ ಬದಲಿ ಶಾಲೆಯಲ್ಲಿ ಬಾವಿ ಬಿಟ್ಟು ಉಳಿದ ಕೆಲಸ ಮಾಡುವುದು. ಬಡ್ಡಿ ಸೇರಿದರೆ ಎರಡನೆಯದಕ್ಕೆ ಹಣ ಸಾಕಾಗಿ 25,400 ಮಿಗುತ್ತದೆ, ಆದರೆ ಸಂಯೋಜಕರ ಸಂಬಳ ಮತ್ತೆ ಏರದ ಹಾಗೆ ಒಂದೇ ತಿಂಗಳಲ್ಲಿ ಮುಗಿಸುವ ವೇಳಾಪಟ್ಟಿ ಜೊತೆಗಿರಬೇಕು.

ಹಣ ಬಳಕೆ ಪ್ರಮಾಣಪತ್ರವನ್ನು ನಿಮ್ಮ ಚಾರ್ಟರ್ಡ್ ಅಕೌಂಟೆಂಟ್ ಕೊಡುವಾಗ ಅದರಲ್ಲಿ ಅಕ್ಷರ, ಅಂಕೆ ಸೇರಿ 18 ಸ್ಥಾನದ ಗುರುತಿನ ಸಂಖ್ಯೆಯಾದ ಯುಡಿಐಎನ್ ಇರಲಿ. ಅದು ಇಲ್ಲದ ಪ್ರಮಾಣಪತ್ರವನ್ನು ಕಂಪನಿ ಒಪ್ಪುವುದಿಲ್ಲ. ಪ್ರಮಾಣಪತ್ರದ ಒಟ್ಟು ಮೊತ್ತವೂ ನಿಮ್ಮ ಕೋಷ್ಟಕದ 23,70,000ವೂ ರೂಪಾಯಿಗೆ ರೂಪಾಯಿ ಒಂದೇ ಇರಬೇಕು. ಹಸ್ತಾಂತರ ಪತ್ರಗಳು 11 ಇರಬೇಕು. ಒಂದೊಂದರಲ್ಲೂ ಟ್ಯಾಂಕ್, ಫಿಲ್ಟರ್, ಪೈಪಿನ ಉದ್ದ, ಬಾವಿಯ ಆಳ ಬರೆದು ಮುಖ್ಯ ಶಿಕ್ಷಕರ ಸಹಿ, ಮೊಹರು ಹಾಕಿಸಿ. ಸಿಎಸ್‌ಆರ್ ಹಣದಲ್ಲಿ ಮಾಡಿದ ಆಸ್ತಿ ಯಾರ ಹೆಸರಿನಲ್ಲಿರಬೇಕು ಎಂಬುದಕ್ಕೂ ನಿಯಮವಿದೆ, ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಸರ್ಕಾರಿ ಶಾಲೆಗೆ ಒಪ್ಪಿಸಿದ್ದಕ್ಕೆ ಈ ಪತ್ರಗಳೇ ಆಧಾರ.

ಕೊನೆಯದಾಗಿ ರಿಟೆನ್ಷನ್‌ನ ಆ 93,700. ವರದಿ ಕೊಟ್ಟ ಮೇಲೂ ಆ ಹಣ ನಿಮ್ಮ ಬಳಿ ಇರುತ್ತದೆ. ಅದನ್ನು ಯಾವ ತಾರೀಖಿಗೆ, ಏನು ಪರೀಕ್ಷಿಸಿ ಬಿಡುಗಡೆ ಮಾಡುತ್ತೀರಿ ಎಂದು ವರದಿಯಲ್ಲೇ ಬರೆಯಿರಿ. ಒಂದು ಮಳೆಗಾಲ ಕಳೆಯುವವರೆಗೆ ತಡೆಯಲು ಗುತ್ತಿಗೆ ಪತ್ರದಲ್ಲಿ ಅವಕಾಶ ಇದ್ದರೆ ಹಾಗೇ ಮಾಡಿ. ಟ್ಯಾಂಕ್ ತಳ, ಪೈಪಿನ ಜೋಡಣೆ, ಆ ಎರಡು 13 ಅಡಿಯ ಬಾವಿಗಳ ನಿಜಸ್ಥಿತಿ ಗೊತ್ತಾಗುವುದು ಮಳೆ ಬಿದ್ದಾಗಲೇ. ಬಿಡುಗಡೆಯಾದ ದಿನ ಪಾವತಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಒಂದು ಪುಟದ ಪೂರಕ ಲೆಕ್ಕ ಕಳಿಸಿದರೆ ಕಂಪನಿಯವರೂ ಫೈಲ್ ಮುಚ್ಚುತ್ತಾರೆ.